ಎಸಿ ಒಬ್ಬನ ಕೋಣೆಯಲ್ಲಿ, ಬಿಲ್ ಐದು ಜನರ ತಲೆಯ ಮೇಲೆ: ಹೇಗೆ ಹಂಚಬೇಕು?

ಮಹಡಿಮನೆ
ಒಂದೇ ಮನೆಯಲ್ಲಿ ಐದು ಜನ ಬಾಡಿಗೆಗೆ ಇದ್ದೇವೆ. ನಾಲ್ಕು ಕೋಣೆ. ಒಂದರಲ್ಲಿ ಗಂಡ ಹೆಂಡತಿ, ಉಳಿದ ಮೂರರಲ್ಲಿ ಒಬ್ಬೊಬ್ಬರು. ಕರೆಂಟ್ ಮೀಟರ್ ಒಂದೇ, ನೀರಿನ ಮೀಟರ್ ಒಂದೇ, ಇಂಟರ್ನೆಟ್ ಕೂಡ ಒಂದೇ. ಇಷ್ಟು ದಿನ ಬಂದ ಬಿಲ್ಲನ್ನು ಐದರಿಂದ ಭಾಗಿಸಿ ಕೊಡುತ್ತಿದ್ದೆವು. ಯಾರದೂ ತಕರಾರು ಇರಲಿಲ್ಲ.

ಈಗ ಒಬ್ಬ ತನ್ನ ಕೋಣೆಗೆ ಎಸಿ ಹಾಕಿಸಿಕೊಂಡಿದ್ದಾನೆ. ಹಿಂದಿನ ತಿಂಗಳು 185 ಯೂನಿಟ್ ಇದ್ದದ್ದು ಈ ತಿಂಗಳು 300 ಆಗಿದೆ. ಇನ್ನೊಬ್ಬ ಕೂತು ಲೆಕ್ಕ ಹಾಕಿದ: ಎಸಿ ಒಂದೂವರೆ ಕಿಲೋವ್ಯಾಟ್, ರಾತ್ರಿಗೆ ಎಂಟು ಗಂಟೆ, ಮೂವತ್ತು ದಿನ. ಅಲ್ಲಿಗೆ 360 ಯೂನಿಟ್ ಆಯ್ತು, ಬಿಲ್ ಪೂರ್ತಿ ಅವನೇ ಕಟ್ಟಲಿ ಅನ್ನುತ್ತಾನೆ. ಎಸಿಯವನು ‘ಕಾಲು ಭಾಗ ಕೊಡ್ತೀನಿ, ಅದೇ ಜಾಸ್ತಿ’ ಅನ್ನುತ್ತಾನೆ.

ಇದರ ಜೊತೆಗೆ ನಮ್ಮಲ್ಲೊಬ್ಬಳು 12 ದಿನ ಮನೆಯಲ್ಲೇ ಇರಲಿಲ್ಲ. ಅವಳು ಕಡಿಮೆ ಕೊಡುತ್ತೇನೆ ಅನ್ನುತ್ತಾಳೆ. ನೀರಿನ ಬಿಲ್ ಕೂಡ ಯಾಕೋ ಏರಿದೆ. ಗಂಡ ಹೆಂಡತಿ ‘ನಮ್ಮದು ಒಂದು ಕೋಣೆ, ಒಂದು ಪಾಲು’ ಅಂತ ಹೊಸ ರಾಗ ತೆಗೆದಿದ್ದಾರೆ. ಯಾರಾದರೂ ಒಂದು ದಾರಿ ಹೇಳಿ.

ಗಡಿಬಿಡಿ
ಎಸಿ ಇರುವವನು ಎಸಿ ದುಡ್ಡು ಕೊಡಬೇಕು. ಇದರಲ್ಲಿ ಕೇಳೋದೇನಿದೆ? 360 ಯೂನಿಟ್ ಲೆಕ್ಕ ಸರಿಯಾಗೇ ಇದೆ. ವ್ಯಾಟ್ ಗುಣಿಸು ಗಂಟೆ, ಶಾಲೆಯಲ್ಲೇ ಹೇಳಿಕೊಟ್ಟಿದ್ದಾರೆ.

ಶೂನ್ಯಬಾಕಿ
ಗಡಿಬಿಡಿ ಅವರೇ, ಮನೆಯ ಒಟ್ಟು ಬಿಲ್ಲೇ 300 ಯೂನಿಟ್. ಅದರೊಳಗೆ ಎಸಿ 360 ಹೇಗೆ ತಿನ್ನುತ್ತದೆ? ಉಳಿದ ನಾಲ್ಕು ಜನ ಕರೆಂಟ್ ಉತ್ಪಾದನೆ ಮಾಡುತ್ತಿದ್ದಾರಾ?

ಗಡಿಬಿಡಿ
ಮೀಟರ್ ಕೆಟ್ಟಿರಬಹುದು.

ತಂತಿಮಾಮ
ಮೀಟರ್ ಸರಿ ಇದೆ, ಲೆಕ್ಕ ಕೆಟ್ಟಿದೆ. ಎಸಿ ಮೇಲೆ ಬರೆದಿರುವ ವ್ಯಾಟ್ ಅದು ಪೂರ್ತಿ ಜೋರಾಗಿ ಓಡುವಾಗಿನದು. ಕೋಣೆ ತಣ್ಣಗಾದ ಮೇಲೆ ಹಳೆ ತರಹದ ಎಸಿಯಲ್ಲಿ ಕಂಪ್ರೆಸರ್ ನಿಂತು ನಿಂತು ಓಡುತ್ತದೆ. ಇನ್ವರ್ಟರ್ ಎಸಿ ಆದರೆ ನಿಲ್ಲುವ ಬದಲು ವೇಗ ಇಳಿಸಿಕೊಳ್ಳುತ್ತದೆ. ಎರಡರಲ್ಲೂ ಇಡೀ ರಾತ್ರಿ ಒಂದೂವರೆ ಕಿಲೋವ್ಯಾಟ್ ಎಳೆಯುವುದಿಲ್ಲ.

ನಂಬಿಕೆ ಇಲ್ಲದಿದ್ದರೆ ಮೀಟರ್ ಮುಂದೆ ಹೋಗಿ ನಿಲ್ಲಿ. ಡಿಜಿಟಲ್ ಮೀಟರ್ ಮೇಲೆ ಒಂದು ಚಿಕ್ಕ ಕೆಂಪು ದೀಪ ಮಿಣುಕುತ್ತಿರುತ್ತದೆ. ಅಲ್ಲೇ ಪಕ್ಕದಲ್ಲಿ `3200 imp/kWh` ಅಂತ ಬರೆದಿರುತ್ತದೆ. ಕೆಲವದರಲ್ಲಿ 1600 ಇರುತ್ತದೆ, ನಿಮ್ಮದರಲ್ಲಿ ಎಷ್ಟಿದೆ ನೋಡಿಕೊಳ್ಳಿ. 3200 ಅಂದರೆ ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್. ಮನೆಯ ಉಳಿದದ್ದನ್ನೆಲ್ಲ ಐದು ನಿಮಿಷ ಆರಿಸಿ. ಫ್ರಿಡ್ಜ್ ಕೂಡ. ಎಸಿ ಮಾತ್ರ ಹಾಕಿ ಒಂದು ನಿಮಿಷ ಎಣಿಸಿ. 80 ಸಲ ಮಿಣುಕಿದರೆ, 80 ಗುಣಿಸು 60, ಭಾಗಿಸು 3200, ಒಂದೂವರೆ ಕಿಲೋವ್ಯಾಟ್. ಒಂದು ಗಂಟೆ ಬಿಟ್ಟು ಮತ್ತೆ ಎಣಿಸಿ, ಆಮೇಲೆ ಇಲ್ಲಿ ಬಂದು ಹೇಳಿ.

ಅರ್ಧರಾತ್ರಿ
ಮಾಮ, ಇದು ಸೂಪರ್. ನಾನೀಗಲೇ ಹೋಗಿ ನಮ್ಮ ಮನೆ ಮೀಟರ್ ಮುಂದೆ ನಿಂತೆ. ಎದುರುಮನೆಯವರು ಅನುಮಾನದಿಂದ ನೋಡಿದರು.

ಹಳೇಬಾಡಿಗೆ
ನಮ್ಮ ಮಾಲೀಕರದ್ದೂ ಇದೇ ಕಥೆ. ಒಂದೇ ಕನೆಕ್ಷನ್‌ನಲ್ಲಿ ಮೂರು ಅಂತಸ್ತಿಗೆ ಸಬ್ ಮೀಟರ್ ಹಾಕಿದ್ದಾರೆ. ನಮಗೆ ಪ್ರತಿ ಯೂನಿಟ್‌ಗೂ ಬಿಲ್ಲಿನ ಅತಿ ಮೇಲಿನ ಹಂತದ ದರ ಹಾಕುತ್ತಾರೆ. ಕೇಳಿದರೆ ‘ಒಟ್ಟು ಬಿಲ್ ಜಾಸ್ತಿ ಬರುತ್ತೆ’ ಅನ್ನುತ್ತಾರೆ. ಮಾಲೀಕರ ವಿರುದ್ಧ ಎಲ್ಲಿ ದೂರು ಕೊಡಬೇಕು ಅಂತ ತಾನೇ ನಿಮ್ಮ ಪ್ರಶ್ನೆ?

ಮಹಡಿಮನೆ
ಅಲ್ಲ ಸರ್, ನಮ್ಮ ಮಾಲೀಕರು ಇದರಲ್ಲಿ ಇಲ್ಲವೇ ಇಲ್ಲ. ಬಿಲ್ ನೇರ ನಮ್ಮ ಕೈಗೇ ಬರುತ್ತದೆ. ಜಗಳ ನಮ್ಮ ನಮ್ಮಲ್ಲೇ.

ಶೂನ್ಯಬಾಕಿ
ಆದರೆ ಹಳೇಬಾಡಿಗೆ ಅವರ ಮಾತು ಆಮೇಲೆ ಬೇಕಾಗುತ್ತದೆ. ದರದ ಹಂತದ ಗಲಾಟೆ ಇಲ್ಲೂ ಬರುತ್ತೆ, ನೋಡ್ತಾ ಇರಿ.

ಸದ್ಯಕ್ಕೆ ಒಂದು ಮಾತು. ಎಸಿ ಇಲ್ಲದ ತಿಂಗಳು 185, ಇದ್ದ ತಿಂಗಳು 300. ವ್ಯತ್ಯಾಸ 115. ಇದು ಒರಟು ಅಂದಾಜು. ಸೆಕೆ ಜಾಸ್ತಿಯಾದಾಗ ಎಲ್ಲರ ಫ್ಯಾನೂ ಜಾಸ್ತಿ ಓಡುತ್ತದೆ, ಫ್ರಿಡ್ಜ್ ಕೂಡ ಜಾಸ್ತಿ ಎಳೆಯುತ್ತದೆ. ಅದರ ಎದುರಿಗೆ ಒಬ್ಬರು 12 ದಿನ ಇರಲಿಲ್ಲ. ಎರಡು ಬಿಲ್ಲಿನ ದಿನಗಳನ್ನೂ ನೋಡಿ. ರೀಡಿಂಗ್ ತೆಗೆಯುವವರು ಒಂದು ಸಲ 28 ದಿನಕ್ಕೆ, ಒಂದು ಸಲ 34 ದಿನಕ್ಕೆ ಬಂದಿದ್ದರೆ ವ್ಯತ್ಯಾಸದಲ್ಲಿ ಅದೂ ಸೇರಿಕೊಂಡಿರುತ್ತದೆ. ಆದರೂ 115 ಅನ್ನುವುದು 360 ಕ್ಕಿಂತ ಸತ್ಯಕ್ಕೆ ಬಹಳ ಹತ್ತಿರ.

ಮಹಡಿಮನೆ
ಎರಡೂ ಬಿಲ್ 30 ದಿನದ್ದೇ, ಈಗಷ್ಟೇ ನೋಡಿದೆ.

ಚಳಿಪ್ರಿಯ
ಎಸಿ ಹಾಕಿಸಿಕೊಂಡವನ ಪರವಾಗಿ ಒಂದು ಮಾತು. ನಾನೂ ಅಂಥವನೇ. ಮನೆಯಲ್ಲಿ ಒಬ್ಬ ಎಸಿ ಹಾಕಿದ ಕೂಡಲೇ ಮನೆಯ ಎಲ್ಲ ಖರ್ಚೂ ಎಸಿಯ ಖರ್ಚು ಅನ್ನುವ ಹಾಗಾಗುತ್ತದೆ. ನಮ್ಮ ಮನೆಯಲ್ಲಿ ಒಬ್ಬ ಗೀಸರ್ ಆನ್ ಮಾಡಿ ಮರೆತು ಆಫೀಸಿಗೆ ಹೋಗುತ್ತಾನೆ. ಅದರ ಬಗ್ಗೆ ಯಾರೂ ತುಟಿ ಬಿಚ್ಚಲ್ಲ.

ಗಡಿಬಿಡಿ
ಗೀಸರ್ ಎಸಿಗಿಂತ ಅಪಾಯ. ಎರಡು ಕಿಲೋವ್ಯಾಟ್, ದಿನವಿಡೀ ಆನ್ ಇದ್ದರೆ 48 ಯೂನಿಟ್!

ತಂತಿಮಾಮ
ಮತ್ತೆ ಅದೇ ತಪ್ಪು ಮಾರಾಯ್ರೆ. ಗೀಸರ್ ಒಳಗೆ ಥರ್ಮೋಸ್ಟಾಟ್ ಇದೆ. ನೀರು ಬಿಸಿಯಾದ ಮೇಲೆ ಅದೇ ಕತ್ತರಿಸುತ್ತದೆ. ಮರೆತು ಬಿಟ್ಟರೆ ಆರಿದಷ್ಟು ಶಾಖವನ್ನು ಮತ್ತೆ ತುಂಬಿಸಲು ಮಾತ್ರ ಆಗಾಗ ಹತ್ತಿಕೊಳ್ಳುತ್ತದೆ. ಅದೂ ನಷ್ಟವೇ, ಆದರೆ 48 ಅಲ್ಲ.

ನಿಜವಾದ ಖರ್ಚು ನಲ್ಲಿಯಿಂದ ಹೊರಗೆ ಹೋಗುವ ಬಿಸಿನೀರಿನದು. 15 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಕ್ಕೆ ಏರಿಸಲು ಸುಮಾರು 0.35 ಯೂನಿಟ್ ಬೇಕು. ಎರಡು ಕಿಲೋವ್ಯಾಟ್ ಗೀಸರ್‌ಗೆ ಹತ್ತು ಹತ್ತೂವರೆ ನಿಮಿಷದ ಕೆಲಸ. ಒಬ್ಬರು ಹತ್ತು ಲೀಟರ್ ಬಿಸಿನೀರಲ್ಲಿ ಸ್ನಾನ ಮುಗಿಸುತ್ತಾರೆ, ಇನ್ನೊಬ್ಬರು ಶವರ್ ಕೆಳಗೆ ನಿಂತು ಹಾಡು ಮುಗಿಸುವಷ್ಟರಲ್ಲಿ ಮೂರು ಸಲ ಗೀಸರ್ ಖಾಲಿ ಮಾಡುತ್ತಾರೆ. ಅದನ್ನು ಅಳೆಯಲು ಹೋಗಬೇಡಿ, ಮನೆ ಒಡೆಯುತ್ತದೆ.

ಸುಮ್ನೆಓದುಗ
ಹಾಡು ಹೇಳುವವರ ಮೇಲೆ ಯಾಕೆ ಕಣ್ಣು?

ಮಹಡಿಮನೆ
ತಂತಿಮಾಮ, ನಿನ್ನೆ ರಾತ್ರಿ ಎಲ್ಲ ಆರಿಸಿ ಎಣಿಸಿದೆವು. ಎಸಿಯವನೇ ಮೊಬೈಲ್‌ನಲ್ಲಿ ಟೈಮರ್ ಹಿಡಿದುಕೊಂಡಿದ್ದ, ಲೆಕ್ಕ ಹಾಕಿದವನು ಎಣಿಸಿದ. ನಮ್ಮದೂ 3200 ರ ಮೀಟರ್. ಎಸಿ ಹಾಕಿದ ಹೊಸದರಲ್ಲಿ ನಿಮಿಷಕ್ಕೆ 80, ನೀವು ಹೇಳಿದಷ್ಟೇ. ಒಂದು ಗಂಟೆಯ ಮೇಲೆ ಬರೀ 16. ಅಂದರೆ 0.3 ಕಿಲೋವ್ಯಾಟ್ ಅಲ್ವಾ? ಎಣಿಸಿದವನ ಮುಖ ನೋಡಬೇಕಿತ್ತು.

ಚಳಿಪ್ರಿಯ
ನೋಡಿ ಮತ್ತೆ!

ತಂತಿಮಾಮ
ಚಳಿಪ್ರಿಯ, ಅಷ್ಟು ಬೇಗ ಕುಣಿಯಬೇಡಿ. ಆ 16 ನ್ನೇ ಹಿಡಿದು ಇಡೀ ರಾತ್ರಿಗೆ ಗುಣಿಸಿದರೆ ಅದೂ ಸುಳ್ಳು ಲೆಕ್ಕವೇ. ಬಾಗಿಲು ತೆಗೆದರೆ, ಹೊರಗೆ ಸೆಕೆ ಏರಿದರೆ, 20 ಕ್ಕೆ ಇಟ್ಟರೆ, ಎಲ್ಲ ಬದಲಾಗುತ್ತದೆ. ಮಿಣುಕು ಎಣಿಸುವುದು ಜಗಳ ನಿಲ್ಲಿಸಲು ಸಾಕು, ಬಿಲ್ ಹಂಚಲು ಸಾಲದು.

ಹಂಚಬೇಕಾದರೆ ಎಸಿ ಲೈನಿಗೆ ಒಂದು ಸಬ್ ಮೀಟರ್ ಹಾಕಿಸಿ. ಎಸಿಗೆ ಬೇರೆ ಎಂಸಿಬಿ ಇದ್ದರೆ ಎಲೆಕ್ಟ್ರಿಷಿಯನ್‌ಗೆ ಅದು ಚಿಕ್ಕ ಕೆಲಸ. ಮಾಲೀಕರನ್ನು ಒಂದು ಮಾತು ಕೇಳಿ ಮಾಡಿಸಿ. ಪ್ಲಗ್‌ಗೆ ಚುಚ್ಚುವ ಮೀಟರ್ ಕೂಡ ಸಿಗುತ್ತದೆ, ಆದರೆ ಅದರ ಮೇಲೆ ಎಷ್ಟು ಆಂಪಿಯರ್ ಬರೆದಿದೆ ನೋಡಿ. ಚಿಕ್ಕ ಪ್ಲಗ್ಗಿಗೆಂದು ಮಾಡಿದ್ದನ್ನು ಎಸಿಗೆ ಹಾಕಿದರೆ ಬಿಸಿಯಾಗಿ ಕರಗುತ್ತದೆ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದರೆ ಅವತ್ತೇ ತೆಗೆದುಬಿಡಿ.

ಇನ್ನೊಂದು. ದೊಡ್ಡ ಮೀಟರಿನ ರೀಡಿಂಗ್ ಆದ ದಿನವೇ ಸಬ್ ಮೀಟರಿನ ಫೋಟೋ ತೆಗೆಯಿರಿ. ಎರಡು ಬೇರೆ ಬೇರೆ ದಿನ ಆದರೆ ಯೂನಿಟ್ ಯಾವತ್ತೂ ತಾಳೆಯಾಗಲ್ಲ.

ಮೂಲೆಕೋಣೆ
ಅದೆಲ್ಲ ಸರಿ, ಗಂಡ ಹೆಂಡತಿ ವಿಷಯಕ್ಕೆ ಬನ್ನಿ. ನಾವೂ ಹಾಗೇ ಹಂಚಿಕೊಂಡು ಇರುವವರು. ಒಂದೇ ಫ್ಯಾನ್, ಒಂದೇ ಲೈಟ್, ಒಂದೇ ಚಾರ್ಜರ್. ಎರಡು ಪಾಲು ಯಾಕೆ ಕೊಡಬೇಕು?

ನಲ್ಲಿನೀರು
ಸ್ನಾನವೂ ಒಂದೇನಾ ಮೇಡಂ? ಬಟ್ಟೆ ಒಗೆಯೋದೂ ಒಂದೇ ಜನಕ್ಕಾ?

ಮೂಲೆಕೋಣೆ
ನೀರಿಗೆ ಎರಡು ಪಾಲು ಒಪ್ಪುತ್ತೇನೆ. ನಾನು ಹೇಳುತ್ತಿರುವುದು ಕರೆಂಟ್ ಮತ್ತು ಇಂಟರ್ನೆಟ್.

ಶೂನ್ಯಬಾಕಿ
ಫ್ಯಾನ್ ಲೈಟಿನ ವಾದ ಸರಿ, ಆದರೆ ಅದು ಬಿಲ್ಲಿನ ಚಿಕ್ಕ ತುಂಡು. ಸಾಧಾರಣ ಫ್ಯಾನ್ 75 ವ್ಯಾಟ್. ರಾತ್ರಿಗೆ ಎಂಟು ಗಂಟೆ ಓಡಿದರೆ ತಿಂಗಳಿಗೆ 18 ಯೂನಿಟ್. ಗೀಸರ್, ವಾಷಿಂಗ್ ಮಷೀನ್, ಅಡುಗೆಮನೆಯ ಮಿಕ್ಸಿ, ಇಸ್ತ್ರಿ ಎಲ್ಲ ತಲೆ ಲೆಕ್ಕದಲ್ಲೇ ಏರುತ್ತವೆ. ನಾನಾಗಿದ್ದರೆ ಇಬ್ಬರನ್ನು ಇಬ್ಬರು ಅಂತಲೇ ಎಣಿಸುತ್ತೇನೆ. ತೀರಾ ಬೇಜಾರಾದರೆ ಫ್ಯಾನಿನ ಅಷ್ಟು ಯೂನಿಟ್ ಬಿಟ್ಟುಕೊಡಬಹುದು.

ಮೂಲೆಕೋಣೆ
ಇಂಟರ್ನೆಟ್?

ಅರ್ಧರಾತ್ರಿ
ಇಂಟರ್ನೆಟ್‌ಗೂ ಇಬ್ಬರು ಅಂದರೆ ಇಬ್ಬರೇ. ಎರಡು ಫೋನ್, ಎರಡು ಲ್ಯಾಪ್‌ಟಾಪ್.

ಗಡಿಬಿಡಿ
ಹಾಗಾದರೆ ಅರ್ಧರಾತ್ರಿ, ನೀನು ಐವತ್ತು ಜಿಬಿ ಗೇಮ್ ಇಳಿಸ್ತೀಯಲ್ಲ, ಹತ್ತು ಪಾಲು ಕೊಡ್ತೀಯಾ? ಜಾಸ್ತಿ ಬಳಸುವವನು ಜಾಸ್ತಿ ಕೊಡಬೇಕು.

ಅರ್ಧರಾತ್ರಿ
ಅನ್‌ಲಿಮಿಟೆಡ್ ಪ್ಲಾನ್‌ನಲ್ಲಿ ನಾನು ಐವತ್ತು ಇಳಿಸಿದರೂ ಐನೂರು ಇಳಿಸಿದರೂ ಬಿಲ್ ಅಷ್ಟೇ ಗುರೂ.

ಶೂನ್ಯಬಾಕಿ
ಬಿಲ್ ವಿಷಯದಲ್ಲಿ ಅರ್ಧರಾತ್ರಿ ಸರಿ. ಕರೆಂಟಿನಲ್ಲಿ ಬಳಸಿದಷ್ಟೂ ಬಿಲ್ ಏರುತ್ತದೆ. ಇಂಟರ್ನೆಟ್ ಬಿಲ್ ನೀವು ಬಳಸಿದರೂ ಬಿಟ್ಟರೂ ಒಂದೇ. ಅದಕ್ಕೇ ಊರಲ್ಲಿ ಇಲ್ಲದವರೂ ಅವರ ಪಾಲು ಪೂರ್ತಿ ಕೊಡಬೇಕು. ಅವರಿಗಾಗಿ ಯಾರೂ 12 ದಿನ ಕನೆಕ್ಷನ್ ನಿಲ್ಲಿಸಿರಲಿಲ್ಲ.

ಎರಡು ಕಡೆ ಮಾತ್ರ ಇದು ಬದಲಾಗುತ್ತದೆ. ಪ್ಲಾನಿಗೆ ಡೇಟಾ ಮಿತಿ ಇದ್ದು, ಅದು ದಾಟಿದ ಮೇಲೆ ವೇಗ ಬಿದ್ದುಹೋಗುವುದಾದರೆ ಅರ್ಧರಾತ್ರಿಯ ಗೇಮ್ ಉಳಿದವರ ಮೀಟಿಂಗ್ ಕೆಡಿಸುತ್ತದೆ. ಇನ್ನೊಂದು, ಯಾರೋ ಒಬ್ಬರು ತಮ್ಮ ಕೆಲಸಕ್ಕಾಗಿ ದೊಡ್ಡ ಪ್ಲಾನ್ ಬೇಕು ಅಂದರೆ. ಆಗ ಎಲ್ಲರಿಗೂ ಸಾಕಾಗುವ ಪ್ಲಾನಿನ ಬೆಲೆಯನ್ನು ಸಮ ಹಂಚಿ, ಮೇಲಿನ ವ್ಯತ್ಯಾಸ ಕೇಳಿದವರ ತಲೆಗೆ.

ಚಳಿಪ್ರಿಯ
ಆಮೇಲೆ ಆ ಹೆಚ್ಚಿನ ವೇಗದಲ್ಲಿ ಎಲ್ಲರೂ ಸಿನಿಮಾ ನೋಡ್ತಾರಲ್ಲ?

ಶೂನ್ಯಬಾಕಿ
ನೋಡಲಿ ಬಿಡಿ. ಅವರು ಅದನ್ನು ಕೇಳಿರಲಿಲ್ಲ. ಬೇಡ ಅಂದರೆ ಅವರಿಗೆ ಹಳೆಯ ವೇಗ ಮಾತ್ರ ಸಿಗುವ ಹಾಗೆ ರೂಟರ್‌ನಲ್ಲಿ ಮಿತಿ ಹಾಕಬಹುದು. ಅಷ್ಟು ಸಣ್ಣತನಕ್ಕೆ ಇಳಿದ ಮನೆಯಲ್ಲಿ ನಾನಂತೂ ಇರಲ್ಲ.

ಸುಮ್ನೆಓದುಗ
ನಮ್ಮಲ್ಲಿ ಒಬ್ಬ ವರ್ಷದ ಪ್ಲಾನಿಗೆ ದುಡ್ಡು ಕೊಟ್ಟು ನಾಲ್ಕೇ ತಿಂಗಳಿಗೆ ಮನೆ ಬಿಟ್ಟ. ಉಳಿದ ಎಂಟು ತಿಂಗಳ ದುಡ್ಡು ಯಾರು ಕೊಡಬೇಕು ಅಂತ ಇವತ್ತಿಗೂ ಗೊತ್ತಾಗಿಲ್ಲ.

ನಲ್ಲಿನೀರು
ಅವನ ಜಾಗಕ್ಕೆ ಬಂದವನು ಕೊಡಬೇಕು. ಬಾರದಿದ್ದರೆ ಹೋದವನಿಗೆ ನಷ್ಟ. ಸೇರುವಾಗಲೇ ಹೇಳಿಬಿಡಬೇಕು ಇದನ್ನೆಲ್ಲ. ಈಗ ನೀರಿಗೆ ಬನ್ನಿ. ಮಹಡಿಮನೆ, ನೀರು ಎಷ್ಟು ಏರಿದೆ?

ಮಹಡಿಮನೆ
ಮೊದಲು ತಿಂಗಳಿಗೆ 16 ಕಿಲೋಲೀಟರ್ ಆಸುಪಾಸು ಬರುತ್ತಿತ್ತು. ಈಗ 27. ಜನ ಅಷ್ಟೇ.

ನಲ್ಲಿನೀರು
ಹಂಚುವ ಮಾತು ಆಮೇಲೆ. ಇದು ಸೋರಿಕೆ. ಐದು ಜನಕ್ಕೆ 16 ಅಂದರೆ ತಲೆಗೆ ದಿನಕ್ಕೆ ನೂರು ಚಿಲ್ಲರೆ ಲೀಟರ್, ಸಹಜ. ಒಂದೇ ತಿಂಗಳಲ್ಲಿ ಹನ್ನೊಂದು ಸಾವಿರ ಲೀಟರ್ ಜಾಸ್ತಿ ಆಗಲು ಯಾರೋ ಎರಡು ಸಲ ಸ್ನಾನ ಮಾಡಿದರೆ ಸಾಲದು.

ಗಡಿಬಿಡಿ
ಸುಲಭ. ಮಲಗುವ ಮುಂಚೆ ಮೀಟರ್ ನೋಡಿ, ಬೆಳಗ್ಗೆ ನೋಡಿ. ಓಡಿದ್ದರೆ ಸೋರಿಕೆ.

ನಲ್ಲಿನೀರು
ಅರ್ಧ ಸರಿ. ಮೇಲೆ ಟ್ಯಾಂಕ್ ಇದ್ದರೆ ನೀರಿನ ಮೀಟರ್ ಟ್ಯಾಂಕಿಗಿಂತ ಮುಂಚೆ ಕೂತಿರುತ್ತದೆ. ಸಂಜೆ ಖಾಲಿಯಾದ ಟ್ಯಾಂಕ್ ರಾತ್ರಿ ತುಂಬಿಕೊಳ್ಳುತ್ತದೆ. ಒಂದು ಹನಿ ಸೋರದಿದ್ದರೂ ಬೆಳಗ್ಗೆ ಮೀಟರ್ ಮುಂದೆ ಹೋಗಿರುತ್ತದೆ. ನೀವು ಸುಮ್ನೆ ಪ್ಲಂಬರನ್ನು ಕರೆಸಿ ದುಡ್ಡು ಕಳೆದುಕೊಳ್ಳುತ್ತೀರಿ.

ಮಹಡಿಮನೆ, ಹೀಗೆ ಮಾಡಿ. ಟ್ಯಾಂಕ್ ಪೂರ್ತಿ ತುಂಬಿ ಫ್ಲೋಟ್ ವಾಲ್ವ್ ಮುಚ್ಚಿಕೊಳ್ಳಲಿ. ಮೀಟರಿನ ಮುಖದ ಮೇಲೆ ಚಿಕ್ಕ ನಕ್ಷತ್ರದ ಹಾಗೋ ತ್ರಿಕೋನದ ಹಾಗೋ ಒಂದು ಚಕ್ರ ಇದ್ದರೆ ಅದು ನಿಂತಿತಾ ನೋಡಿ. ಆಗ ರೀಡಿಂಗ್ ಬರೆದುಕೊಳ್ಳಿ. ಬೆಳಗ್ಗೆ ಯಾರೂ ನಲ್ಲಿ ಮುಟ್ಟುವ ಮುಂಚೆ ಮತ್ತೆ ನೋಡಿ. ಮಧ್ಯರಾತ್ರಿ ಯಾರಾದರೂ ಫ್ಲಷ್ ಮಾಡಿದ್ದರೆ ಅಷ್ಟನ್ನು ಕಳೆಯಿರಿ. ಟ್ಯಾಂಕಿನ ಓವರ್‌ಫ್ಲೋ ಪೈಪಿನಿಂದ ನೀರು ಸುರಿಯುತ್ತಿದೆಯಾ ಅಂತಲೂ ನೋಡಿ, ಫ್ಲೋಟ್ ವಾಲ್ವೇ ಹಾಳಾಗಿದ್ದರೆ ಚಕ್ರ ನಿಲ್ಲುವುದೇ ಇಲ್ಲ.

ಟ್ಯಾಂಕ್ ಸರಿ ಇದ್ದರೆ ನನ್ನ ಮೊದಲ ಅನುಮಾನ ಟಾಯ್ಲೆಟ್ಟಿನ ಫ್ಲಷ್ ಟ್ಯಾಂಕ್ ಮೇಲೆ. ಅದು ಸದ್ದಿಲ್ಲದೆ ಸೋರುತ್ತದೆ. ಮೇಲಿನ ಮುಚ್ಚಳ ತೆಗೆದು ಸ್ವಲ್ಪ ಬಣ್ಣದ ನೀರು ಹಾಕಿ. ಅರ್ಧ ಗಂಟೆ ಫ್ಲಷ್ ಮಾಡಬೇಡಿ. ಕೆಳಗಿನ ಬೇಸಿನ್‌ನಲ್ಲಿ ಬಣ್ಣ ಕಂಡರೆ ಒಳಗಿನ ವಾಷರ್ ಸವೆದಿದೆ.

ಮಹಡಿಮನೆ
ವಾರದ ಮೇಲೆ ಬಂದೆ. ಬಹಳ ಸುದ್ದಿ ಇದೆ.

ಸಬ್ ಮೀಟರ್ ಹಾಕಿಸಿದೆವು. ಒಂದು ವಾರಕ್ಕೆ 28 ಯೂನಿಟ್, ಅಂದರೆ ರಾತ್ರಿಗೆ 4. ತಿಂಗಳಿಗೆ 120. ಶೂನ್ಯಬಾಕಿ ಅವರ 115 ರ ಅಂದಾಜಿಗೆ ಹತ್ತಿರವೇ ಬಂತು.

ನೀರು: ರಾತ್ರಿ 11 ರಿಂದ ಬೆಳಗ್ಗೆ 5 ರವರೆಗೆ 90 ಲೀಟರ್ ಓಡಿದೆ. ಬಣ್ಣ ಹಾಕಿ ನೋಡಿದೆವು. ಗಂಡ ಹೆಂಡತಿ ಇರುವ ಕೋಣೆಯ ಬಾತ್‌ರೂಮಿನ ಫ್ಲಷ್. ಬೇಸಿನ್ ಗೋಡೆಯ ಮೇಲೆ ಕೂದಲೆಳೆಯಷ್ಟು ಸಣ್ಣ ನೀಲಿ ಗೆರೆ ಇಳಿಯುತ್ತಿತ್ತು. ಟಾರ್ಚ್ ಹಾಕದಿದ್ದರೆ ಕಾಣುತ್ತಲೇ ಇರಲಿಲ್ಲ.

ನಲ್ಲಿನೀರು
ಗಂಟೆಗೆ 15 ಲೀಟರ್. ದಿನಕ್ಕೆ 360, ತಿಂಗಳಿಗೆ 10.8 ಕಿಲೋಲೀಟರ್. ನಿಮ್ಮ 27 ರಲ್ಲಿ 16 ಕಳೆದರೆ 11. ಕಳ್ಳ ಸಿಕ್ಕಿಬಿದ್ದ.

ಗಡಿಬಿಡಿ
ಹಾಗಾದರೆ 11 ಕಿಲೋಲೀಟರ್ ಗಂಡ ಹೆಂಡತಿಯೇ ಕೊಡಲಿ.

ಮೂಲೆಕೋಣೆ
ಯಾಕೆ? ವಾಷರ್ ಸವೆದದ್ದು ಅವರ ತಪ್ಪಾ? ಮನೆಯ ಸಾಮಾನು, ಮಾಲೀಕರು ಕೊಡಬೇಕು.

ಹಳೇಬಾಡಿಗೆ
ಮಾಲೀಕರು ವಾಷರ್ ಹಾಕಿಸಿ ಕೊಡುತ್ತಾರೆ, ಹರಿದುಹೋದ ನೀರಿನ ದುಡ್ಡು ಯಾವ ಮಾಲೀಕರೂ ಕೊಟ್ಟದ್ದು ನಾನು ನೋಡಿಲ್ಲ. ‘ಮೊದಲೇ ಯಾಕೆ ಹೇಳಲಿಲ್ಲ’ ಅನ್ನುತ್ತಾರೆ.

ನಲ್ಲಿನೀರು
ನನ್ನ ಲೆಕ್ಕ: ಗೊತ್ತಾಗುವ ಮುಂಚಿನದು ಐದೂ ಜನ ಹಂಚಿಕೊಳ್ಳಿ. ಇವತ್ತಿನಿಂದ ಸರಿ ಮಾಡಿಸದೆ ಬಿಟ್ಟರೆ ಆ ಕೋಣೆಯವರದು. ಉಳಿದ 16 ನ್ನು ಯಾರು ಎಷ್ಟು ದಿನ ಇದ್ದರು ಅನ್ನುವುದರ ಮೇಲೆ ಹಂಚಿ.

ಚಳಿಪ್ರಿಯ
ಊರಲ್ಲಿ ಇಲ್ಲದವಳೂ ಸೋರಿಕೆಯ ಪಾಲು ಕೊಡಬೇಕಾ? ಅವಳಿಗೆ ಗೊತ್ತೇ ಇರಲಿಲ್ಲ.

ನಲ್ಲಿನೀರು
ಉಳಿದವರಿಗೆ ಮಾತ್ರ ಗೊತ್ತಿತ್ತಾ?

ಮಹಡಿಮನೆ
ಇದರ ಮೇಲೆ ಇಲ್ಲಿ ಇನ್ನೂ ಮಾತು ನಡೆಯುತ್ತಿದೆ. ಶೂನ್ಯಬಾಕಿ ಅವರೇ, ಕರೆಂಟ್ ಹಂಚಿ ಕೊಡಿ ದಯವಿಟ್ಟು. ಎಸಿಯವನು 300 ರಲ್ಲಿ 120, ಅಂದರೆ ಬಿಲ್ಲಿನ ಐದರಲ್ಲಿ ಎರಡು ಪಾಲು ಕೊಡಲು ಒಪ್ಪಿದ್ದಾನೆ. ಲೆಕ್ಕ ಹಾಕಿದವನು ಈಗ ಹೊಸದು ಹೇಳುತ್ತಿದ್ದಾನೆ. ‘ನಿನ್ನಿಂದಲೇ ಮೇಲಿನ ಹಂತದ ದರ ಬಿತ್ತು, ಆದ್ದರಿಂದ ನಿನ್ನ 120 ಕ್ಕೆ ಮೇಲಿನ ದರ’ ಅಂತ.

ಶೂನ್ಯಬಾಕಿ
ಹೇಳಿದ್ದೆನಲ್ಲ, ಬಂತು ನೋಡಿ.

ದರ ಊರಿಂದ ಊರಿಗೆ ಬೇರೆ. ಹಾಗಾಗಿ ದುಡ್ಡಿನ ಬದಲು ಅಂಕ ಇಟ್ಟುಕೊಳ್ಳೋಣ. ಮೊದಲ 100 ಯೂನಿಟ್‌ಗೆ ತಲಾ 1 ಅಂಕ, ಮುಂದಿನ 100 ಕ್ಕೆ ಒಂದೂವರೆ, ಅದರ ಮೇಲಿನದಕ್ಕೆ 2. ನಿಮ್ಮ 300 ಯೂನಿಟ್‌ಗೆ 100, 150, 200 ಸೇರಿ 450 ಅಂಕ.

ನಿಮ್ಮ ಗೆಳೆಯನ ವಾದ: ಎಸಿ ಇಲ್ಲದಿದ್ದರೆ 180 ಯೂನಿಟ್, ಅದಕ್ಕೆ 220 ಅಂಕ. ಎಸಿ ಬಂದು 450 ಆಯಿತು. ಆದ್ದರಿಂದ ಎಸಿಯ ಪಾಲು 230.

ಎಸಿಯವನು ಇದೇ ಮಾತನ್ನು ತಿರುಗಿಸಿ ಹೇಳಬಹುದು: ಮನೆಯಲ್ಲಿ ನನ್ನ ಎಸಿ ಒಂದೇ ಇದ್ದಿದ್ದರೆ 120 ಯೂನಿಟ್‌ಗೆ 130 ಅಂಕ ಆಗುತ್ತಿತ್ತು. ನೀವೆಲ್ಲ ಬಂದು ನನ್ನನ್ನು ಮೇಲಿನ ಹಂತಕ್ಕೆ ತಳ್ಳಿದಿರಿ.

ಇಬ್ಬರದ್ದೂ ಒಂದೇ ತೂಕದ ವಾದ. ಮೇಲಿನ ಹಂತಕ್ಕೆ ಹೋದದ್ದು ಎರಡೂ ಸೇರಿದ್ದರಿಂದ. ಯಾರು ಮೊದಲು ಬಂದರು ಅನ್ನುವುದಕ್ಕೆ ಮೀಟರ್‌ನಲ್ಲಿ ಗುರುತಿಲ್ಲ. 130 ಮತ್ತು 230 ರ ನಡುವೆ ಕೂತರೆ 180. ಈಗ ಸುಮ್ಮನೆ ಸರಾಸರಿ ದರ ಹಾಕಿ ನೋಡಿ. 450 ನ್ನು 300 ರಿಂದ ಭಾಗಿಸಿದರೆ ಒಂದೂವರೆ. 120 ಗುಣಿಸು ಒಂದೂವರೆ, 180. ಅದೇ ಬಂತು. ಎಲ್ಲ ಬಿಲ್ಲಿನಲ್ಲೂ ಇಷ್ಟು ಸರಿಯಾಗಿ ಕೂರುವುದಿಲ್ಲ, ಹಂತಗಳು ಹೀಗೆ ಸಮವಾಗಿ ಏರಿದರೆ ಹತ್ತಿರ ಬರುತ್ತದೆ. ಅದಕ್ಕೇ ಸರಾಸರಿ ದರವೇ ಸಾಕು ಅನ್ನುತ್ತೇನೆ.

ಹಳೇಬಾಡಿಗೆ
ಇದನ್ನು ಪ್ರಿಂಟ್ ತೆಗೆದು ನಮ್ಮ ಮಾಲೀಕರ ಬಾಗಿಲಿಗೆ ಅಂಟಿಸುತ್ತೇನೆ.

ತಂತಿಮಾಮ
ಒಂದು ತೊಡಕಿದೆ ಶೂನ್ಯಬಾಕಿ ಸರ್. ಕೆಲವು ಕಡೆ ಒಂದು ಮಿತಿ ದಾಟಿದರೆ ಮೇಲಿನ ಯೂನಿಟ್‌ಗೆ ಮಾತ್ರ ಅಲ್ಲ, ಮೊದಲ ಯೂನಿಟ್‌ನಿಂದಲೇ ಜಾಸ್ತಿ ದರ, ಇಲ್ಲವೇ ರಿಯಾಯಿತಿಯೇ ಪೂರ್ತಿ ಹೋಗುತ್ತದೆ. ವರ್ಷಗಟ್ಟಲೆ ರಿಯಾಯಿತಿಯ ಒಳಗೆ ಇದ್ದ ನಾಲ್ಕು ಜನ, ಹೊಸದಾಗಿ ಎಸಿ ಹಾಕಿದವನಿಗಾಗಿ ಅದನ್ನು ಬಿಟ್ಟುಕೊಡಬೇಕಾ?

ಶೂನ್ಯಬಾಕಿ
ಅಲ್ಲಿ ನನ್ನ ಸರಾಸರಿ ಲೆಕ್ಕ ಕುಂಟುತ್ತದೆ, ಒಪ್ಪುತ್ತೇನೆ. ಹೋದ ರಿಯಾಯಿತಿಯನ್ನು ಮಾತ್ರ ಬೇರೆ ತೆಗೆದು ಎಸಿಯವನು ತುಂಬಲಿ ಅನ್ನಬಹುದು.

ಚಳಿಪ್ರಿಯ
ನಾನು ಒಪ್ಪಲ್ಲ. ಮಿತಿಯ ಹತ್ತಿರ ತಂದು ನಿಲ್ಲಿಸಿದ್ದು ಎಲ್ಲರೂ.

ತಂತಿಮಾಮ
ಮೊದಲು ದಾಟದೆ ಇದ್ದರಲ್ಲ!

ಮಹಡಿಮನೆ
ನಮ್ಮ ಬಿಲ್ ಆ ತರಹದ್ದಲ್ಲ, ಮೊದಲ ತರಹದ್ದೇ. ಇದನ್ನು ಬೇರೆ ಎಳೆಯಲ್ಲಿ ಜಗಳ ಮಾಡಿ. 12 ದಿನ ಇರದವಳ ಲೆಕ್ಕ ಹೇಳಿ.

ಶೂನ್ಯಬಾಕಿ
ಎಸಿ ತೆಗೆದರೆ 180 ಯೂನಿಟ್. ಇದರಲ್ಲಿ ಯಾರು ಇದ್ದರೂ ಇಲ್ಲದಿದ್ದರೂ ಓಡುವ ಸಾಮಾನು ಬೇರೆ ತೆಗೆಯಿರಿ. ಫ್ರಿಡ್ಜ್ ದಿನಕ್ಕೆ ಒಂದು ಯೂನಿಟ್ ಅಂದುಕೊಂಡರೆ 30. ಹತ್ತು ವ್ಯಾಟಿನ ರೂಟರ್ ಹಗಲು ರಾತ್ರಿ ಓಡಿದರೆ 7. ಒಟ್ಟು 37, ಐದು ಜನಕ್ಕೆ ಸಮ.

ಉಳಿದ 143 ನ್ನು ದಿನದ ಮೇಲೆ ಹಂಚಿ. ನಾಲ್ಕು ಜನ 30 ದಿನ, ಒಬ್ಬರು 18 ದಿನ, ಒಟ್ಟು 138 ದಿನ. ತಲೆಗೆ ದಿನಕ್ಕೆ ಒಂದು ಯೂನಿಟ್ ಚಿಲ್ಲರೆ. ಎರಡೂ ಸೇರಿಸಿದರೆ ಇರದವರಿಗೆ 26, ಉಳಿದವರಿಗೆ ತಲಾ 38 ರಿಂದ 39. ಸಮ ಹಂಚಿದ್ದರೆ ಎಲ್ಲರಿಗೂ 36 ಆಗುತ್ತಿತ್ತು. ಎಸಿಯವನು ತನ್ನ 38 ರ ಮೇಲೆ 120 ಸೇರಿಸಿ ಕೊಡುತ್ತಾನೆ. ಬಿಲ್ಲಿನ ನಿಗದಿತ ಶುಲ್ಕ ಮಾತ್ರ ಯೂನಿಟ್ ಲೆಕ್ಕದಲ್ಲಿ ಸೇರಿಸಬೇಡಿ, ಅದು ಐದು ಸಮ ಪಾಲು.

ಸುಮ್ನೆಓದುಗ
ಅಂದರೆ ಇಷ್ಟೆಲ್ಲ ಲೆಕ್ಕ ಹಾಕಿ ಅವಳಿಗೆ ಉಳಿದದ್ದು 10 ಯೂನಿಟ್?

ಶೂನ್ಯಬಾಕಿ
ಹೌದು. 12 ದಿನಕ್ಕೆ ಅಷ್ಟೇ. ಅದಕ್ಕೇ ನಾವು ನಮ್ಮ ಮನೆಯಲ್ಲಿ ಒಂದು ವಾರದೊಳಗಿನ ರಜೆಯನ್ನು ಎಣಿಸುವುದೇ ಇಲ್ಲ. ಮೀರಿದರೆ ದಿನ ಬರೆದುಕೊಳ್ಳುತ್ತೇವೆ. ಅತಿಥಿಗಳಿಗೂ ಇದೇ. ಎರಡು ರಾತ್ರಿ ಉಳಿದವರ ಲೆಕ್ಕ ಇಲ್ಲ, ಹತ್ತು ರಾತ್ರಿ ಉಳಿದರೆ ಕರೆದವರ ಹೆಸರಿಗೆ ಆ ದಿನಗಳು ಸೇರುತ್ತವೆ.

ಗಡಿಬಿಡಿ
ಫ್ರಿಡ್ಜ್ ಯಾಕೆ ಸಮ? ಒಬ್ಬರ ಸಾಮಾನೇ ಮೂರು ತಟ್ಟೆ ತುಂಬಿರುತ್ತದೆ ನಮ್ಮಲ್ಲಿ.

ತಂತಿಮಾಮ
ಒಳಗೆ ಎಷ್ಟು ಇಟ್ಟಿದ್ದಾರೆ ಅನ್ನುವುದಕ್ಕಿಂತ ಎಷ್ಟು ಸಲ ಬಾಗಿಲು ತೆಗೆದು ಯೋಚನೆ ಮಾಡುತ್ತಾ ನಿಲ್ಲುತ್ತಾರೆ ಅನ್ನುವುದು ಕರೆಂಟ್ ತಿನ್ನುತ್ತದೆ. ಅದಕ್ಕೂ ಮೀಟರ್ ಹಾಕಿಸ್ತೀರಾ?

ಮಹಡಿಮನೆ
ಎಸಿಯವನು ಸರಾಸರಿ ದರಕ್ಕೆ ಒಪ್ಪಿದ. ಲೆಕ್ಕ ಹಾಕಿದವನು ಅಂಕದ ಲೆಕ್ಕ ಎರಡು ಸಲ ಓದಿ ‘ಸರಿ ಇರಬಹುದು’ ಅಂದ, ಅವನಿಂದ ಅಷ್ಟು ಬಂದದ್ದೇ ದೊಡ್ಡದು. ಗಂಡ ಹೆಂಡತಿ ನೀರಿಗೆ, ಕರೆಂಟಿಗೆ ಎರಡು ಪಾಲು ಅಂದಿದ್ದಾರೆ, ಇಂಟರ್ನೆಟ್‌ಗೆ ಒಂದೇ ಅಂತ ಹಟ. ಫ್ಲಷ್ ವಾಷರ್ ಇವತ್ತು ಹಾಕಿಸಿದೆವು.

ಮೂಲೆಕೋಣೆ
ಇಂಟರ್ನೆಟ್ ವಿಷಯದಲ್ಲಿ ಅವರು ಬಿಟ್ಟುಕೊಡಬಾರದು. ನಾನು ಅವರ ಕಡೆ.

ಅರ್ಧರಾತ್ರಿ
ಹಾಗಾದರೆ ಒಂದು ಪಾಲಿಗೆ ಒಂದು ಫೋನ್ ಮಾತ್ರ ಕನೆಕ್ಟ್ ಮಾಡಿ ನೋಡೋಣ.

ನಲ್ಲಿನೀರು
ಮಹಡಿಮನೆ, ಇವತ್ತು ರಾತ್ರಿ ಮತ್ತೊಮ್ಮೆ ನೀರಿನ ಮೀಟರ್ ನೋಡಿ. ವಾಷರ್ ಹಾಕಿದ ಮೇಲೂ ಒಳಗಿನ ವಾಲ್ವ್ ಸರಿಯಾಗಿ ಕೂರದೆ ಸೋರುವುದುಂಟು. ಇನ್ನೊಂದು ಬಾತ್‌ರೂಮಿಗೂ ಬಣ್ಣ ಹಾಕಿದ್ರಾ?

ಮಹಡಿಮನೆ
ಇಲ್ಲ. ನಾಳೆ ಹಾಕುತ್ತೇವೆ.